ಎಫ್‌ಡಿ ಮೇಲೆ ಸಾಲವೋ, ಎಫ್‌ಡಿ ಮುರಿಸೋದೋ?

ಠೇವಣಿ 5 ಲಕ್ಷ. ಅವಧಿ 3 ವರ್ಷ, ಬಡ್ಡಿ ಶೇ. 7, ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತದೆ. ಸರಿಯಾಗಿ 2 ವರ್ಷ ಮುಗಿದಾಗ 3 ಲಕ್ಷದ ಅಗತ್ಯ ಬಂತು. ಇದೇ ಠೇವಣಿಯನ್ನು ಇಟ್ಟುಕೊಂಡು ಇಬ್ಬರು ಲೆಕ್ಕ ಹಾಕಿದ್ದಾರೆ.

ಪರ: ಮುರಿಸಬೇಡಿ, ಸಾಲ ತಗೊಳ್ಳಿ

ಈ ಠೇವಣಿ ನನ್ನ ಅತ್ತಿಗೆಯದು. ತವರಿನ ಜಾಗ ಮಾರಿದಾಗ ಬಂದ ಪಾಲು. ಮಗನ ಕಾಲೇಜು ಫೀಸಿಗೆ 3 ಲಕ್ಷ ಬೇಕಿತ್ತು. ಅಣ್ಣನ ನಿವೃತ್ತಿ ಹಣ ಬರೋದಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಅತ್ತಿಗೆ ಅಷ್ಟು ಹೊತ್ತಿಗೆ ಎಫ್‌ಡಿ ಮುರಿಸೋದು ಅಂತ ತೀರ್ಮಾನ ಮಾಡಿಯಾಗಿತ್ತು. "ನಮ್ಮ ದುಡ್ಡು ನಮ್ಮ ಹತ್ರ ಇರುವಾಗ ಸಾಲ ಯಾಕೆ ಮಾಡ್ಬೇಕು?" ಅಂದರು. ಕೇಳೋದಕ್ಕೆ ನ್ಯಾಯವಾಗಿಯೇ ಇದೆ ಮಾತು. ಆದರೆ ಲೆಕ್ಕ ಬೇರೆ ಹೇಳುತ್ತದೆ.

ಮುರಿಸಿದರೆ ದಂಡ ಶೇ. ಅರ್ಧ ಅಷ್ಟೇ ತಾನೇ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾದ ಪೆಟ್ಟು ಇನ್ನೊಂದು ಕಡೆ ಇದೆ. ಬ್ಯಾಂಕು ನಿಮಗೆ 3 ವರ್ಷದ ದರ ಕೊಡುವುದಿಲ್ಲ. ಹಣ ಎಷ್ಟು ದಿನ ಇತ್ತೋ ಅಷ್ಟು ದಿನಕ್ಕೆ, ನೀವು ಠೇವಣಿ ಇಟ್ಟ ದಿನ ಯಾವ ದರ ಇತ್ತೋ ಅದನ್ನು ಹುಡುಕುತ್ತದೆ. 2 ವರ್ಷಕ್ಕೆ ಅಂದು ಶೇ. 6.8 ಇತ್ತು ಅಂತಿಟ್ಟುಕೊಳ್ಳಿ. ಅದರಲ್ಲಿ ದಂಡದ ಶೇ. ಅರ್ಧ ಕಳೆದರೆ ಉಳಿಯೋದು 6.3. ಈ ದರವನ್ನು ಮೊದಲ ದಿನದಿಂದಲೇ ಹಚ್ಚಿ ಪೂರ್ತಿ ಲೆಕ್ಕ ಹೊಸದಾಗಿ ಬರೆಯುತ್ತದೆ. ಅಂದರೆ ಮುಂದೆ ಬರಬೇಕಿದ್ದ ಬಡ್ಡಿಗೆ ಮಾತ್ರವಲ್ಲ, ಆಗಲೇ ಬಂದಾಯ್ತು ಅಂದುಕೊಂಡಿದ್ದ ಬಡ್ಡಿಗೂ ಕತ್ತರಿ.

ಶೇ. 7ರ ಲೆಕ್ಕದಲ್ಲಿ 2 ವರ್ಷಕ್ಕೆ ಠೇವಣಿ 5,74,441 ರೂಪಾಯಿ ಆಗಿರುತ್ತದೆ. 6.3ರ ಲೆಕ್ಕದಲ್ಲಿ 5,66,584. ವ್ಯತ್ಯಾಸ 7,857 ರೂಪಾಯಿ. ಬೇಕಾಗಿದ್ದದ್ದು 3 ಲಕ್ಷ, ಆದರೆ ಪೆಟ್ಟು ಬಿದ್ದದ್ದು ಪೂರ್ತಿ 5 ಲಕ್ಷದ ಮೇಲೆ. ಇದನ್ನು ತೋರಿಸಿದಾಗ ಅತ್ತಿಗೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಈಗ ಸಾಲದ ಕಡೆ ನೋಡೋಣ. ಸಾಮಾನ್ಯವಾಗಿ ಬ್ಯಾಂಕುಗಳು ಠೇವಣಿಯ ಶೇ. 90ರವರೆಗೆ ಸಾಲ ಕೊಡುತ್ತವೆ. ಬಡ್ಡಿ ಠೇವಣಿಯ ದರಕ್ಕಿಂತ ಶೇ. 1ರಿಂದ 2 ಜಾಸ್ತಿ. ಅತ್ತಿಗೆಗೆ ಸಿಕ್ಕಿದ್ದು ಶೇ. 8ಕ್ಕೆ. 3 ಲಕ್ಷಕ್ಕೆ ತಿಂಗಳ ಬಡ್ಡಿ 2,000 ರೂಪಾಯಿ. ಅದೇ 3 ಲಕ್ಷ ಠೇವಣಿಯೊಳಗೆ ಕೂತು ತಿಂಗಳಿಗೆ 1,750 ದುಡಿಯುತ್ತಿರುತ್ತದೆ. ಕೈಯಿಂದ ಹೋಗೋದು 250. ನಾಲ್ಕು ತಿಂಗಳಿಗೆ ಸಾವಿರ ರೂಪಾಯಿ. ಉಳಿದ ಒಂದು ವರ್ಷವೂ ಸಾಲ ಹಾಗೇ ಇದ್ದರೂ 3,000 ಚಿಲ್ಲರೆ. 7,857 ಎಲ್ಲಿ, ಇದೆಲ್ಲಿ?

ತಗೊಳ್ಳುವಾಗ ಓವರ್‌ಡ್ರಾಫ್ಟ್, ಅಂದರೆ ಓಡಿ ರೂಪದಲ್ಲೇ ತಗೊಳ್ಳಿ. ಬ್ಯಾಂಕು ಠೇವಣಿಯ ಮೇಲೆ ಲೀನ್ ಹಾಕುತ್ತದೆ, ಅಂದರೆ ಸಾಲ ತೀರುವವರೆಗೆ ಅದನ್ನು ಮುಟ್ಟುವ ಹಾಗಿಲ್ಲ. ಪಕ್ಕದಲ್ಲಿ ಒಂದು ಓಡಿ ಖಾತೆ ತೆರೆದು ಮಿತಿ ಕೊಡುತ್ತದೆ. ಅದರಲ್ಲಿ ಎಷ್ಟು ತೆಗೆದಿರಿ, ಎಷ್ಟು ದಿನ ಇಟ್ಟುಕೊಂಡಿರಿ ಅನ್ನೋದರ ಮೇಲೆ ಮಾತ್ರ ಬಡ್ಡಿ. ಅತ್ತಿಗೆ ಮೊದಲ ಕಂತಿಗೆ ಒಂದೂವರೆ ಲಕ್ಷ ಮಾತ್ರ ತೆಗೆದರು, ಬಾಕಿಯನ್ನು ಎರಡು ತಿಂಗಳಾದ ಮೇಲೆ. ಹಾಗಾಗಿ ಅವರಿಗೆ ಸಾವಿರವೂ ತಗುಲಲಿಲ್ಲ. ಜಂಟಿ ಖಾತೆಯ ಠೇವಣಿಯಾದರೆ ಎಲ್ಲರ ಸಹಿ ಬೇಕಾಗುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಿ. ತೆರಿಗೆ ಉಳಿಸೋದಕ್ಕೆ ಇಡುವ 5 ವರ್ಷದ ಎಫ್‌ಡಿ ಮಾತ್ರ ಈ ಚರ್ಚೆಗೇ ಬರೋದಿಲ್ಲ. ಅದನ್ನು ಮುರಿಸುವ ಹಾಗೂ ಇಲ್ಲ, ಅದರ ಮೇಲೆ ಸಾಲವೂ ಇಲ್ಲ.

ಇನ್ನೊಂದು ಮಾತು. ಮುರಿಸಿದ ಠೇವಣಿಯ ದರ ಮತ್ತೆ ಸಿಗುತ್ತದೆ ಅನ್ನೋ ಖಾತ್ರಿ ಇಲ್ಲ. 2025ರ ಫೆಬ್ರವರಿಯಿಂದ ಜೂನ್‌ವರೆಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಸಾಲ ಕೊಡುವ ದರವನ್ನು, 6.5ರಿಂದ 5.5ಕ್ಕೆ ಇಳಿಸಿತು. ಬ್ಯಾಂಕುಗಳು ಹೊಸ ಠೇವಣಿಯ ದರವನ್ನೂ ಇಳಿಸಿದವು. ಹಳೆಯ ಎಫ್‌ಡಿ ಮಾತ್ರ ಹಳೆಯ ದರದಲ್ಲೇ ಓಡುತ್ತಿತ್ತು. ಆಗ ಮುರಿಸಿ, 3 ಲಕ್ಷ ತೆಗೆದುಕೊಂಡು, ಉಳಿದ 2.66 ಲಕ್ಷವನ್ನು ಮತ್ತೆ ಇಡೋಣ ಅಂದರೆ ಅದಕ್ಕೆ ಸಿಗೋದು ಹೊಸ, ಕಡಿಮೆ ದರ. 7,857ರ ಜೊತೆಗೆ ಅದೂ ನಷ್ಟದ ಪಟ್ಟಿಗೇ ಸೇರಬೇಕು.

ವಿರೋಧ: ಲೆಕ್ಕ ಸರಿ, ಆದರೆ ಯಾರದ್ದು?

ಅತ್ತಿಗೆಯ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅವರಿಗೆ ತೆರಿಗೆ ಕಟ್ಟುವಷ್ಟು ಆದಾಯವಿಲ್ಲ. ಹಣ ವಾಪಸ್ ಬರುವ ದಿನವೂ ಗೊತ್ತಿತ್ತು. ನನಗೆ ಈ ಎರಡು ಅನುಕೂಲವೂ ಇರಲಿಲ್ಲ.

ನಾನು ಶೇ. 30ರ ತೆರಿಗೆ ಸ್ಲ್ಯಾಬಿನಲ್ಲಿದ್ದೇನೆ. ಅದೇ 3 ಲಕ್ಷವನ್ನು ನನ್ನ ಲೆಕ್ಕದಲ್ಲಿ ನೋಡಿ. ಠೇವಣಿ ತಿಂಗಳಿಗೆ 1,750 ದುಡಿಯುತ್ತದೆ, ಅದರಲ್ಲಿ 525 ತೆರಿಗೆಗೆ ಹೋಗುತ್ತದೆ. ಉಳಿಯೋದು 1,225. ಸಾಲದ ಬಡ್ಡಿ ಮಾತ್ರ ಪೂರ್ತಿ 2,000. ಮನೆ ಖರ್ಚಿಗೆ ಮಾಡಿದ ಸಾಲದ ಬಡ್ಡಿಯನ್ನು ಎಫ್‌ಡಿ ಬಡ್ಡಿಯ ಎದುರು ಕಳೆದುಕೊಳ್ಳುವ ಹಾಗಿಲ್ಲ. ಹಾಗಾಗಿ ತಿಂಗಳಿಗೆ ಕೈಯಿಂದ ಹೋಗೋದು 250 ಅಲ್ಲ, 775. "ಬರೀ ಒಂದು ಪರ್ಸೆಂಟ್ ಜಾಸ್ತಿ" ಅನ್ನುವ ಸಾಲ ನನಗೆ ಬೀಳೋದು ಹೆಚ್ಚುಕಡಿಮೆ ಶೇ. 3ಕ್ಕೆ.

775ರ ಲೆಕ್ಕದಲ್ಲಿ ಹತ್ತು ತಿಂಗಳಿಗೆ 7,750. ಮುರಿಸಿದರೆ ಆಗುತ್ತಿದ್ದ 7,857ಕ್ಕೆ ಅಲ್ಲಿಗೆ ಬಂದು ನಿಂತೆವು. ಅದರಾಚೆ ಒಂದೊಂದು ತಿಂಗಳೂ ಸಾಲವೇ ದುಬಾರಿ. ಅದೂ, ಮುರಿಸಿದ್ದರಿಂದ ಕಡಿಮೆಯಾದ ಬಡ್ಡಿಯ ಮೇಲೆ ಉಳಿಯುವ ತೆರಿಗೆಯನ್ನು ನಾನು ಲೆಕ್ಕಕ್ಕೇ ತಗೊಂಡಿಲ್ಲ. ಅದನ್ನೂ ಸೇರಿಸಿದರೆ ಏಳು ತಿಂಗಳಿಗೇ ಸರಿಸಮ.

ಇದು ಯಾಕೆ ಯಾರ ಕಣ್ಣಿಗೂ ಬೀಳೋದಿಲ್ಲ ಗೊತ್ತಾ? ಒಂದು ಬ್ಯಾಂಕಿನಲ್ಲಿ ವರ್ಷದ ಬಡ್ಡಿ 50,000 ದಾಟದಿದ್ದರೆ 60 ವರ್ಷದೊಳಗಿನವರಿಗೆ ಈಗ ಟಿಡಿಎಸ್, ಅಂದರೆ ಬ್ಯಾಂಕೇ ಮೊದಲು ಹಿಡಿದುಕೊಳ್ಳುವ ತೆರಿಗೆ, ಕಡಿತವಿಲ್ಲ. 5 ಲಕ್ಷಕ್ಕೆ ಬರೋದು 35-40 ಸಾವಿರ. ಕಡಿತವಾಗಲಿಲ್ಲ ಅಂದಮೇಲೆ ತೆರಿಗೆ ಇಲ್ಲ ಅಂತ ಜನ ಸುಮ್ನೆ ಇದ್ದುಬಿಡುತ್ತಾರೆ. ರಿಟರ್ನ್ ತುಂಬುವಾಗ ಅದು ಆದಾಯಕ್ಕೆ ಸೇರಲೇಬೇಕು. ಹಾಂ, ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದೊಳಗೆ ಆದಾಯವಿದ್ದು ತೆರಿಗೆಯೇ ಬರದವರಿಗೆ ಮೇಲಿನ 250ರ ಲೆಕ್ಕವೇ ಸರಿ. ಅವರ ಜೊತೆ ನನಗೆ ಜಗಳವಿಲ್ಲ.

ಎರಡನೆಯದು ಠೇವಣಿಯ ವಯಸ್ಸು. ಮುರಿಸಿದಾಗ ನಷ್ಟ ಹಿಂದಿನ ಬಡ್ಡಿಗೆ ಅಂತ ಮೇಲೆ ಹೇಳಿದ್ದಾರೆ. ಸರಿ, ಹಿಂದೆ ಬಡ್ಡಿಯೇ ಬೆಳೆದಿಲ್ಲದಿದ್ದರೆ? ಇದೇ 5 ಲಕ್ಷವನ್ನು ಇಟ್ಟು ಎರಡೇ ತಿಂಗಳಾಗಿದೆ ಅನ್ನಿ. ಶೇ. 7ರಲ್ಲಿ ಬೆಳೆದದ್ದು 5,833 ರೂಪಾಯಿ. ಎರಡು ತಿಂಗಳ ದರ 4.5 ಇದ್ದು ದಂಡ ಕಳೆದು 4 ಸಿಕ್ಕಿದರೆ 3,333. ದರ ಅರ್ಧಕ್ಕೆ ಹತ್ತಿರ ಬಂದರೂ ಹೋದದ್ದು 2,500 ಮಾತ್ರ. ಸಾಲ ತಗೊಂಡು ಉಳಿದ 34 ತಿಂಗಳು ಎಳೆದರೆ ತೆರಿಗೆ ಇಲ್ಲದವರಿಗೇ 8,500 ಹೋಗುತ್ತದೆ, ನನ್ನಂಥವರಿಗೆ 26,000 ದಾಟುತ್ತದೆ. ಎಳೆಯ ಎಫ್‌ಡಿಯನ್ನು ಮುರಿಸಲು ಹಿಂದೆಮುಂದೆ ನೋಡಬೇಕಾಗಿಲ್ಲ. ಮುಗಿಯಲು ಎರಡು ತಿಂಗಳಿರುವ ಎಫ್‌ಡಿ ಆದರೆ ನಾನೂ ಸಾಲವೇ ತಗೊಳ್ಳುತ್ತೇನೆ.

ಮೂರನೆಯದು ನನ್ನದೇ ಕಥೆ. ಮನೆ ರಿಪೇರಿಗೆ ಅಂತ ಓಡಿ ತೆರೆದೆ. ನಾಲ್ಕು ತಿಂಗಳಲ್ಲಿ ತೀರಿಸೋದು ಅಂದುಕೊಂಡಿದ್ದೆ. ಓಡಿಗೆ ಇಎಂಐ ಇಲ್ಲ. ಯಾರೂ ಫೋನ್ ಮಾಡುವುದಿಲ್ಲ. ತಿಂಗಳ ಕೊನೆಗೆ ಬಡ್ಡಿ ತಾನೇ ಖರ್ಚು ಬೀಳುತ್ತದೆ, ಬಾಕಿ ಒಂದಿಷ್ಟು ಏರುತ್ತದೆ, ಒಂದು ಮೆಸೇಜ್ ಬರುತ್ತದೆ. ಬೋನಸ್ ಬಂದಾಗ ಬೇರೆ ಖರ್ಚು ಎದ್ದು ನಿಂತಿತು. ನಾಲ್ಕು ತಿಂಗಳು ಹದಿನಾಲ್ಕಾಯಿತು. ಕೊನೆಗೆ ಎಫ್‌ಡಿ ಮುಗಿದ ದಿನ ಬ್ಯಾಂಕು ಬಾಕಿಯನ್ನು ಅದರಲ್ಲೇ ಮುರಿದುಕೊಂಡು ಉಳಿದದ್ದನ್ನು ಖಾತೆಗೆ ಹಾಕಿತು. ಅಂದರೆ ನಾನು ಎಫ್‌ಡಿಯಿಂದಲೇ ಸಾಲ ತೀರಿಸಿದೆ, ಹದಿನಾಲ್ಕು ತಿಂಗಳು ತಡವಾಗಿ, ಅದಕ್ಕೆ ಬಡ್ಡಿಯನ್ನೂ ಕೊಟ್ಟು. ವಾಪಸ್ ತುಂಬುವ ಹಣ ಯಾವ ತಿಂಗಳು, ಎಲ್ಲಿಂದ ಬರುತ್ತದೆ ಅಂತ ಹೇಳಲು ಆಗದಿದ್ದರೆ ಅದು ತಾತ್ಕಾಲಿಕ ಸಾಲವಲ್ಲ.

ದರ ಇಳಿದಾಗಿನ ಮಾತು ಬಂತು. ಏರಿದಾಗ? 2022ರ ಮೇಯಿಂದ 2023ರ ಫೆಬ್ರವರಿವರೆಗೆ ರೆಪೊ 4ರಿಂದ 6.5ಕ್ಕೆ ಹೋಯಿತು. ಅದಕ್ಕೆ ಮುಂಚೆ ಕಡಿಮೆ ದರಕ್ಕೆ ವರ್ಷಗಟ್ಟಲೆ ಕಟ್ಟಿಹಾಕಿಕೊಂಡವರಿಗೆ ಹಣದ ಅಗತ್ಯ ಇರಲಿ ಬಿಡಲಿ, ಮುರಿಸಿ ಹೊಸ ದರಕ್ಕೆ ಇಡುವುದೇ ಎಷ್ಟೋ ಸಲ ಲಾಭವಾಗಿತ್ತು. ಅಂಥ ಠೇವಣಿಯನ್ನು ಕಾಪಾಡಲು ಅದರ ಮೇಲೆ ಸಾಲ ಮಾಡೋದು ಏನು ಜಾಣತನ?

ಮುರಿಸುವಾಗ ಒಂದು ಎಚ್ಚರ ಬೇಕು. ಬಡ್ಡಿಯನ್ನು ತಿಂಗಳಿಗೋ ಮೂರು ತಿಂಗಳಿಗೋ ಕೈಗೆ ತಗೊಳ್ಳುವ ಎಫ್‌ಡಿ ಆದರೆ, ಹೆಚ್ಚಿಗೆ ಕೊಟ್ಟ ಬಡ್ಡಿಯನ್ನು ಬ್ಯಾಂಕು ಅಸಲಿನಿಂದ ಹಿಡಿದುಕೊಳ್ಳುತ್ತದೆ. 5 ಲಕ್ಷ ಇಟ್ಟಿದ್ದೆ, 4.9 ಲಕ್ಷ ಕೊಟ್ಟರು ಅಂತ ಕೌಂಟರಿನಲ್ಲಿ ಗಲಾಟೆ ಮಾಡುವವರು ಇವರೇ. ಆದ್ದರಿಂದ ಇವತ್ತೇ ಮುಚ್ಚಿದರೆ ಕೈಗೆ ಎಷ್ಟು ಬರುತ್ತದೆ ಅಂತ ಮೊದಲೇ ಕೇಳಿ ಬರೆದುಕೊಳ್ಳಿ. ಎಷ್ಟೋ ಬ್ಯಾಂಕುಗಳ ನೆಟ್‌ಬ್ಯಾಂಕಿಂಗ್‌ನಲ್ಲಿ ಖಚಿತಪಡಿಸುವ ಬಟನ್ ಒತ್ತುವ ಮುಂಚೆ ಆ ಮೊತ್ತ ತೋರಿಸುತ್ತಾರೆ. ಅದನ್ನು ಇವತ್ತಿನವರೆಗೆ ಪೂರ್ತಿ ದರದಲ್ಲಿ ಬೆಳೆದ ಮೊತ್ತದಿಂದ ಕಳೆಯಿರಿ. ಬಂದ ಸಂಖ್ಯೆಯನ್ನು ಸಾಲದಿಂದ ತಿಂಗಳಿಗೆ ನಿಮ್ಮ ಕೈಯಿಂದ ಹೋಗುವ ಹಣದಿಂದ ಭಾಗಿಸಿ. ಅಷ್ಟು ತಿಂಗಳೊಳಗೆ ತೀರಿಸುವುದು ಖಂಡಿತ ಅನ್ನಿಸಿದರೆ ಸಾಲ.

ನಾನೀಗ 5 ಲಕ್ಷವನ್ನು ಒಂದೇ ರಸೀದಿಯಲ್ಲಿ ಇಡುವುದನ್ನೇ ಬಿಟ್ಟಿದ್ದೇನೆ. ಒಂದೊಂದು ಲಕ್ಷದ ಐದು ಎಫ್‌ಡಿ. 3 ಲಕ್ಷ ಬೇಕಾದರೆ ಮೂರನ್ನು ಮುರಿಸುತ್ತೇನೆ, ಉಳಿದ ಎರಡು ತಮ್ಮ ಹಳೆಯ ದರದಲ್ಲೇ ಓಡುತ್ತಿರುತ್ತವೆ. ಆ 7,857ರ ಜಾಗದಲ್ಲಿ ನಷ್ಟ 4,700ರ ಆಸುಪಾಸು.