ಸತ್ಯಾಂಶ: ಸಿಹಿ ತಿಂಡಿಯ ಜಾಹೀರಾತು ಮತ್ತು ಮಗುವಿನ ಆಯ್ಕೆ

“ಜಾಹೀರಾತು ಬರೀ ಮಾಹಿತಿ. ಬೇಕೋ ಬೇಡವೋ ಅಂತ ಮಗುವೇ ಆರಿಸುತ್ತೆ, ತಪ್ಪೇನು?”

ದೊಡ್ಡವರ ಮಟ್ಟಿಗೆ ಇದು ಸ್ವಲ್ಪ ಸರಿ. ಇದು ಮಾರುವವರ ಮಾತು ಅಂತ ಗೊತ್ತಿದ್ದರೆ ತಾನೇ ಅನುಮಾನ ಪಡೋದು? ನಾಲ್ಕು ವರ್ಷದ ಮಗುವಿಗೆ ಕಾರ್ಟೂನ್ ಎಲ್ಲಿ ಮುಗಿಯಿತು, ಜಾಹೀರಾತು ಎಲ್ಲಿ ಶುರುವಾಯಿತು ಅನ್ನೋದೇ ಸರಿಯಾಗಿ ತಿಳಿಯುವುದಿಲ್ಲ. ಹೊಗಳುವುದು ಮಾರಲಿಕ್ಕೆ ಎಂಬ ಅರಿವು ಸಾಮಾನ್ಯವಾಗಿ 7–8 ವರ್ಷದ ಹೊತ್ತಿಗೆ ಮೂಡುತ್ತದೆ. ಮೂಡಿದರೂ ಆಸೆ ತಡೆಯುವುದು ಬೇರೆ ಮಾತು ಬಿಡಿ.

ನೀವೇ ಪರೀಕ್ಷಿಸಬಹುದು. ಜಾಹೀರಾತು ಬಂದಾಗ “ಇದನ್ನ ಯಾಕೆ ತೋರಿಸ್ತಾರೆ?” ಅಂತ ಮಗುವನ್ನು ಕೇಳಿ. “ಚೆನ್ನಾಗಿದೆ, ಅದಕ್ಕೇ” ಅಂದರೆ, ಅದು ಮಾರಾಟ ಎಂದು ಮಗುವಿಗೆ ಇನ್ನೂ ಹೊಳೆದಿಲ್ಲ.

ಆಮೇಲೆ ಪ್ಯಾಕೆಟ್ಟಿನ ಹಿಂದೆ ಸಕ್ಕರೆಯ ಸಾಲು ನೋಡಿ. 100 ಗ್ರಾಂಗೆ 32 ಗ್ರಾಂ ಅಂತಿದ್ದರೆ, 50 ಗ್ರಾಂ ಕ್ರೀಮ್ ಬಿಸ್ಕತ್ತಿನಲ್ಲಿ 16 ಗ್ರಾಂ, ಅಂದರೆ ಸುಮಾರು ನಾಲ್ಕು ಟೀ ಚಮಚ. ಆ ಲೆಕ್ಕ ಜಾಹೀರಾತಿನಲ್ಲಿತ್ತಾ?