ತಿಂಗಳಿಗೆ ಬರೀ 999 ಅಂತೆ!

ನಮ್ಮ ಏರಿಯಾದ ಯೋಗ ಸ್ಟುಡಿಯೋ ವೆಬ್‌ಸೈಟಿನಲ್ಲಿ ದಪ್ಪಕ್ಷರದಲ್ಲಿ ‘ತಿಂಗಳಿಗೆ ಬರೀ 999’ ಅಂತ ಇದೆ. ಕೆಳಗೆ ಕಣ್ಣಿಗೆ ಕಾಣದ ಸಣ್ಣ ಅಕ್ಷರದಲ್ಲಿ ನೋಡಿದರೆ ಅದು ವರ್ಷದ ಪ್ಲಾನು, 11,988 ರೂಪಾಯಿ ಒಂದೇ ಸಲ ಕಟ್ಟಬೇಕು, ಅದರ ಮೇಲೆ 18% ಜಿಎಸ್‌ಟಿ ಬೇರೆ. ಅಲ್ಲಾ ಸ್ವಾಮಿ, ಜಿಮ್ಮು, ಯೋಗ ಕ್ಲಾಸುಗಳಿಗೆ 2025ರ ಸೆಪ್ಟೆಂಬರ್ 22ರಿಂದಲೇ ಜಿಎಸ್‌ಟಿ 5%ಗೆ ಇಳಿದಿದೆ ಅಲ್ವಾ? ಇದೊಂದರಲ್ಲೇ 1,558 ರೂಪಾಯಿ ಜಾಸ್ತಿ!

ಒಂದೇ ತಿಂಗಳಿಗೆ ಸೇರಿದರೆ ಎಷ್ಟು ಅಂತ ಎಲ್ಲೂ ಇಲ್ಲ. ಅದಕ್ಕೆ ಫ್ರೀ ಟ್ರಯಲ್ ಫಾರ್ಮ್ ತುಂಬಿ, ಒಟಿಪಿ ಹಾಕಬೇಕು. ಟೈಮ್‌ಟೇಬಲ್ ನೋಡಿ ಬೆಳಗ್ಗೆ 6ರ ಬ್ಯಾಚ್ ಒತ್ತಿದರೆ, ಟ್ರಯಲ್ ಇರುವುದು ಮಧ್ಯಾಹ್ನ 12ಕ್ಕೆ ಮಾತ್ರವಂತೆ. ಕೆಲಸಕ್ಕೆ ಹೋಗುವವರು ಆ ಹೊತ್ತಿಗೆ ಎಲ್ಲಿಂದ ಬರಬೇಕು? ‘ಸರ್, ಆಫರ್ ಇವತ್ತೇ ಲಾಸ್ಟು’ ಅನ್ನುವ ಫೋನು ಮಾತ್ರ ದಿನಾ ತಪ್ಪದೆ ಬರುತ್ತದೆ.