ಬಾಣಂತಿ ಪಥ್ಯ: ‘ಹಿಂದಿನಿಂದ ಬಂದಿದೆ’ ಅಂದರೆ ಸಾಕಾ?

ಮನೆಯಲ್ಲಿ ಬಾಣಂತಿ ಇದ್ದರೆ ಈ ಜಗಳ ಇದ್ದದ್ದೇ. ಅಜ್ಜಿ ಬೇಳೆ ಬೇಡ, ಹಣ್ಣು ಬೇಡ, ನೀರು ಜಾಸ್ತಿ ಕುಡೀಬೇಡ ಅನ್ನುತ್ತಾರೆ. ಡಾಕ್ಟರು ಎಲ್ಲಾ ತಿನ್ನಿ ಅನ್ನುತ್ತಾರೆ. ಯಾಕೆ ಬೇಡ ಅಂತ ಅಜ್ಜಿಯನ್ನು ಕೇಳಿದರೆ ಬರುವ ಉತ್ತರ ಎರಡೇ: ‘ಹಿಂದಿನಿಂದ ಬಂದಿದೆ’, ‘ಇದೆಲ್ಲಾ ಪ್ರಕೃತಿಸಹಜ’. ಇವನ್ನು ಕಾರಣ ಅಂತ ಒಪ್ಪಬಹುದಾ?

ಪರ: ಒಪ್ಪಬಹುದು

ತರ್ಕ ಓದಿದವರು ಇದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಹಳೆಯದು ಅಂದಮಾತ್ರಕ್ಕೆ ಸರಿ ಅಲ್ಲ, ಸಹಜ ಅಂದಮಾತ್ರಕ್ಕೆ ಒಳ್ಳೆಯದಲ್ಲ ಅಂತ. ಪುಸ್ತಕದಲ್ಲಿ ಸರಿಯಾದ ಮಾತೇ. ಆದರೆ ಅಜ್ಜಿ ತರ್ಕದ ಪರೀಕ್ಷೆಗೆ ಕೂತಿಲ್ಲ. ಎಷ್ಟೋ ತಲೆಮಾರು ಮಾಡಿ ನೋಡಿದ್ದನ್ನು, ತೊಂದರೆ ಆದಾಗ ಬಿಟ್ಟು, ಒಳ್ಳೆಯದಾದಾಗ ಉಳಿಸಿಕೊಂಡದ್ದನ್ನು ಎರಡು ಪದದಲ್ಲಿ ಹೇಳುತ್ತಿದ್ದಾರೆ, ಅಷ್ಟೇ.

ಎದೆಹಾಲಿನ ಕಥೆಯನ್ನೇ ನೋಡಿ. ಕಳೆದ ಶತಮಾನದ ನಡುವಿನ ದಶಕಗಳಲ್ಲಿ ಡಬ್ಬಿ ಹಾಲಿನ ಪುಡಿಯೇ ‘ವೈಜ್ಞಾನಿಕ’ ಅನ್ನಿಸಿಕೊಂಡಿತ್ತು. ಎಷ್ಟೋ ದೇಶಗಳ ಆಸ್ಪತ್ರೆಗಳಲ್ಲಿ ಹುಟ್ಟಿದ ಮಗುವನ್ನು ತಾಯಿಯಿಂದ ದೂರ ಬೇರೆ ಕೋಣೆಯಲ್ಲಿಟ್ಟು, ಗಡಿಯಾರ ನೋಡಿ ಬಾಟಲಿ ಕೊಡುತ್ತಿದ್ದರು. ಆಗ ‘ತಾಯಿ ಹಾಲೇ ಸಹಜ, ನಾವೆಲ್ಲಾ ಅದನ್ನೇ ಕುಡಿದು ಬೆಳೆದದ್ದು’ ಅಂದ ಹೆಂಗಸರ ಹತ್ತಿರ ಯಾವ ಅಧ್ಯಯನವೂ ಇರಲಿಲ್ಲ. ಆದರೂ ಸರಿಯಾಗಿದ್ದವರು ಅವರೇ. ಶುದ್ಧ ನೀರಿಲ್ಲದ ಊರುಗಳಲ್ಲಿ ಪುಡಿ ಕಲಸಿ ಕುಡಿಸಿದ ಮಕ್ಕಳು ಭೇದಿಯಿಂದ ಸತ್ತವು. ಆಮೇಲೆ 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಲಿನ ಪುಡಿಯ ಮಾರಾಟಕ್ಕೆ ನೀತಿಸಂಹಿತೆ ತಂದಿತು. 1992ರಲ್ಲಿ ಭಾರತ ಕಾನೂನನ್ನೇ ಮಾಡಿತು. ಇವತ್ತು ಆರು ತಿಂಗಳು ಎದೆಹಾಲು ಮಾತ್ರ ಕೊಡಿ ಅನ್ನುವವರು ಡಾಕ್ಟರೇ.

ಇನ್ನು ನಮ್ಮ ಬಾಣಂತನ. ತವರಿನಲ್ಲಿ ಗಾಳಿ ಬಾರದ ಮೂಲೆ, ಎಣ್ಣೆ ನೀರು, ಅಡುಗೆಮನೆ ಕಡೆ ಸುಳಿಯದಂತೆ ವಿಶ್ರಾಂತಿ. ಉತ್ತರ ಕರ್ನಾಟಕದ ಕಡೆ ಅಂಟು, ಒಣಕೊಬ್ಬರಿ, ಉತ್ತುತ್ತಿ, ಬೆಲ್ಲ ಹಾಕಿದ ಅಂಟಿನುಂಡೆ, ಅಳವಿ ಪಾಯಸ. ಸೊಸೆಯಾದವಳಿಗೆ ಬೇರೆ ಯಾವಾಗ ಇಷ್ಟು ದಿನ ರಜೆ ಸಿಗುತ್ತಿತ್ತು ಹೇಳಿ? ‘ಶಾಸ್ತ್ರ’ ಅಂದದ್ದಕ್ಕೇ ಅತ್ತೆ ಮನೆಯವರು ಬಾಯಿ ಮುಚ್ಚಿಕೊಂಡು ಕಳಿಸಿದರು. ಸಾಕ್ಷ್ಯ ತೋರಿಸಿ ರಜೆ ತಗೋ ಅಂದಿದ್ದರೆ ಮೂರನೇ ದಿನಕ್ಕೇ ಅವಳು ಒಲೆ ಮುಂದೆ ಇರುತ್ತಿದ್ದಳು.

ಹಾಗಾಗಿ ಹಳೆಯದನ್ನು ಬಿಡಿಸಬೇಕು ಅನ್ನುವವರೇ ಮೊದಲು ಕಾರಣ ಕೊಡಲಿ. ಉಳಿಸಿಕೊಂಡವರು ಪ್ರತಿದಿನ ಯಾಕೆ ಸಮಜಾಯಿಷಿ ಕೊಡಬೇಕು?

ವಿರೋಧ: ಒಪ್ಪಲಾಗದು

ಎದೆಹಾಲಿನ ಮಾತು ನಿಜ. ಆದರೆ ಅದರಲ್ಲೇ ಒಂದು ತೊಡಕಿದೆ. ‘ತಾಯಿ ಹಾಲೇ ಸಹಜ’ ಅಂದ ಎಷ್ಟೋ ಮನೆಗಳಲ್ಲಿ ಮೊದಲ ಎರಡು ಮೂರು ದಿನದ ಗಿಣ್ಣು ಹಾಲನ್ನು ಕೆಟ್ಟದ್ದು ಅಂತ ಹಿಂಡಿ ಚೆಲ್ಲುತ್ತಿದ್ದರು. ಮಗುವಿಗೆ ರೋಗ ತಡೆಯುವ ಶಕ್ತಿ ಕೊಡುವುದೇ ಆ ಹಾಲು. ಅದರ ಬದಲು ನಾಲಿಗೆಗೆ ಜೇನು ಸವರುತ್ತಿದ್ದರು. ಜೇನು ಸಹಜವೇ, ಅದರಲ್ಲಿ ಇರಬಹುದಾದ ಬಾಟುಲಿಸಂ ಬೀಜಕಣಗಳೂ ಅಷ್ಟೇ ಸಹಜ. ಒಂದು ವರ್ಷ ತುಂಬದ ಮಗುವಿನ ಕರುಳಿನಲ್ಲಿ ಅವು ಮೊಳೆತು ವಿಷ ಮಾಡಬಲ್ಲವು. ಚೆಲ್ಲುವುದೂ ಹಿಂದಿನಿಂದ ಬಂದದ್ದು, ಕುಡಿಸುವುದೂ ಹಿಂದಿನಿಂದ ಬಂದದ್ದು. ಯಾವುದು ಸರಿ ಅಂತ ಆ ಮಾತು ಹೇಳುವುದೇ ಇಲ್ಲ.

ಆದರೆ ನನ್ನ ನಿಜವಾದ ತಕರಾರು ಪಥ್ಯದ ಅನ್ನದ ಮೇಲೆ. ಎಷ್ಟೋ ಮನೆಗಳಲ್ಲಿ ಬಾಣಂತಿಗೆ ವಾರಗಟ್ಟಲೆ ಬಿಳಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ. ಬೇಳೆ ವಾಯು, ತರಕಾರಿ ಶೀತ, ಹಣ್ಣು ಥಂಡಿ. ಊಟ ಆದ ಮೇಲೆ ಎಲೆ ಅಡಿಕೆ. ನೋಡಲು ಎಷ್ಟು ಹಗುರ, ಎಷ್ಟು ನಿರಪಾಯ ಅಲ್ವಾ?

ಮಿಲ್ಲಿನಲ್ಲಿ ಪಾಲಿಷ್ ಆದ ಅಕ್ಕಿಯಲ್ಲಿ ತವುಡು ಹೋಗಿರುತ್ತದೆ. ಅದರ ಜೊತೆ ಥಯಮಿನ್, ಅಂದರೆ ಬಿ1 ಜೀವಸತ್ವದ ಬಹುಪಾಲು ಹೋಗಿರುತ್ತದೆ. ಉಳಿದದ್ದರಲ್ಲಿ ಒಂದಿಷ್ಟು ಅಕ್ಕಿ ಮೂರು ಸಲ ತೊಳೆದಾಗ, ಗಂಜಿ ಬಸಿದಾಗ ಹೋಗುತ್ತದೆ. ಅಡಿಕೆಯಲ್ಲಿರುವ ಟ್ಯಾನಿನ್ ಇನ್ನಷ್ಟನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ನಮ್ಮ ದೇಹದಲ್ಲಿ ಥಯಮಿನ್ ಸಂಗ್ರಹ ಎರಡು ಮೂರು ವಾರಕ್ಕೆ ಆಗುವಷ್ಟೇ. ಬೇಳೆ ಕಾಳೂ ಇಲ್ಲದ ಊಟದಲ್ಲಿ ಅದು ಖಾಲಿಯಾಗುತ್ತದೆ. ತಾಯಿಗೆ ಕಾಲು ಜೋಮು ಹಿಡಿಯಬಹುದು, ಎಷ್ಟೋ ಸಲ ಅದೂ ಇರುವುದಿಲ್ಲ. ಅವಳ ಹಾಲಿನಲ್ಲಿ ಮಾತ್ರ ಥಯಮಿನ್ ತೀರಾ ಕಡಿಮೆಯಾಗಿರುತ್ತದೆ.

ಪೆಟ್ಟು ಬೀಳುವುದು ಮಗುವಿಗೆ. ಎರಡು ಮೂರು ತಿಂಗಳ ಕೂಸು, ಚೆನ್ನಾಗಿ ಮೈ ತುಂಬಿಕೊಂಡದ್ದು, ಇದ್ದಕ್ಕಿದ್ದಂತೆ ಹಾಲು ಬಿಡುತ್ತದೆ. ವಾಂತಿ ಮಾಡುತ್ತದೆ, ಸಮಾಧಾನ ಮಾಡಲಾಗದಂತೆ ಅಳುತ್ತದೆ. ಅಳು ಗೊಗ್ಗರಾಗುತ್ತದೆ, ಕೆಲವು ಮಕ್ಕಳಲ್ಲಿ ಬಾಯಿ ತೆರೆದರೂ ಸದ್ದೇ ಬರುವುದಿಲ್ಲ. ಉಸಿರು ಜೋರಾಗುತ್ತದೆ. ನ್ಯುಮೋನಿಯಾ ಅಂತಲೋ ನಂಜು ಅಂತಲೋ ತಪ್ಪು ತಿಳಿಯುವುದು ಸುಲಭ. ಎಕೋ ಮಾಡಿದರೆ ಗೊತ್ತಾಗುತ್ತದೆ: ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಏರಿ ಹೃದಯದ ಬಲಭಾಗ ಉಬ್ಬಿ ಸೋಲುತ್ತಿರುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಇಂಥ ಮಕ್ಕಳ ಬಗ್ಗೆ 2021ರಲ್ಲಿ ಅಧ್ಯಯನ ಪ್ರಕಟಿಸಿದರು. ಎದೆಹಾಲು ಮಾತ್ರ ಕುಡಿಯುತ್ತಿದ್ದ ಕೂಸುಗಳು, ಪಾಲಿಷ್ ಅಕ್ಕಿ ಮತ್ತು ಪಥ್ಯದ ಮೇಲಿದ್ದ ತಾಯಂದಿರು. ಥಯಮಿನ್ ಚುಚ್ಚುಮದ್ದು ಕೊಟ್ಟರೆ ಸಾಯುವಂತಿದ್ದ ಮಗು ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳುತ್ತದೆ. ಕೊಡದಿದ್ದರೆ ಉಳಿಯುವುದು ಕಷ್ಟ.

ಇಲ್ಲಿ ಪರ ಮಾತಾಡುವವರು ಒಂದು ಒಳ್ಳೆ ಪ್ರಶ್ನೆ ಕೇಳಬಹುದು. ಇದೇ ಪಥ್ಯ ಮಾಡಿದ ಮುತ್ತಜ್ಜಿಯರ ಮಕ್ಕಳು ಬದುಕಲಿಲ್ಲವೇ? ಎಷ್ಟೋ ಮಕ್ಕಳು ಬದುಕಲಿಲ್ಲ, ಅದು ಬೇರೆ ಮಾತು. ಬದುಕಿದವರ ಮನೆಯಲ್ಲಿದ್ದದ್ದು ಒನಕೆಯಲ್ಲಿ ಕುಟ್ಟಿದ ಅಕ್ಕಿ, ತವುಡು ಪೂರ್ತಿ ಹೋಗದ್ದು. ಕರಾವಳಿಯಲ್ಲಿ ಕುಚ್ಚಲಕ್ಕಿ. ಭತ್ತವನ್ನು ಬೇಯಿಸಿ ಒಣಗಿಸುವಾಗ ತವುಡಿನ ಥಯಮಿನ್ ಕಾಳಿನ ಒಳಗೆ ಇಳಿದುಬಿಡುತ್ತದೆ, ಆಮೇಲೆ ಮಿಲ್ಲಿಗೆ ಹಾಕಿದರೂ ಒಂದಷ್ಟು ಉಳಿಯುತ್ತದೆ. ಬಯಲುಸೀಮೆಯಲ್ಲಿ ರಾಗಿ ಇತ್ತು. ಮಿಲ್ಲು ಬಂತು, ಅಂಗಡಿಯಿಂದ ಹೊಳೆಯುವ ಸೋನಾ ಮಸೂರಿ ಬಂತು. ‘ಬಾಣಂತಿಗೆ ಅನ್ನ ಸಾರು’ ಅನ್ನುವ ಮಾತು ಮಾತ್ರ ಹಾಗೇ ಉಳಿಯಿತು. ಸಂಪ್ರದಾಯ ಅಂತ ನಾವು ಹಿಡಿದುಕೊಂಡಿರುವುದು ಬರೀ ಅದರ ಹೆಸರನ್ನು. ತಟ್ಟೆಯಲ್ಲಿರುವುದು ಹೊಸ ಆಹಾರ, ಯಾವ ತಲೆಮಾರೂ ಪರೀಕ್ಷೆ ಮಾಡಿ ನೋಡದ್ದು. ಇದನ್ನು ಕಂಡುಹಿಡಿಯಲು ‘ಯಾಕೆ’ ಅಂತ ಕೇಳಬೇಕಿತ್ತು. ‘ಹಿಂದಿನಿಂದ ಬಂದಿದೆ’ ಅನ್ನುವುದು ಆ ಬಾಗಿಲನ್ನೇ ಮುಚ್ಚುತ್ತದೆ.

ನೀರಿನದ್ದೂ ಹಾಗೇ. ಹೆರಿಗೆಯಾದ ಮೇಲೆ ಕೆಲವು ವಾರ ರಕ್ತ ಹೆಪ್ಪುಗಟ್ಟುವ ಗುಣ ಜಾಸ್ತಿ ಇರುತ್ತದೆ. ಆಗ ನೀರು ಕಡಿಮೆ ಮಾಡಿದರೆ ರಕ್ತ ಇನ್ನಷ್ಟು ಗಟ್ಟಿಯಾಗುತ್ತದೆ. ಬಾಣಂತಿಗೆ ವಿಪರೀತ ತಲೆನೋವು, ಫಿಟ್ಸ್ ಬಂದರೆ ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು ಅಂತ ನರರೋಗ ವೈದ್ಯರು ಮೊದಲು ನೋಡುವುದು ಸುಮ್ನೆ ಅಲ್ಲ.

ಎಣ್ಣೆ ನೀರು, ವಿಶ್ರಾಂತಿ, ಅಂಟಿನುಂಡೆ ಇರಲಿ. ಅವು ಉಳಿಯಬೇಕಾದದ್ದು ಬಾಣಂತಿಗೆ ಒಳ್ಳೆಯದು ಮಾಡುತ್ತವೆ ಅಂತ, ಹಳೆಯವು ಅಂತಲ್ಲ. ಎದೆಹಾಲನ್ನಂತೂ ನಿಲ್ಲಿಸಬೇಡಿ, ಸರಿಮಾಡಬೇಕಾದದ್ದು ತಾಯಿಯ ತಟ್ಟೆಯನ್ನು. ಅಜ್ಜಿಗೆ ಅನ್ನವೇ ಆಗಬೇಕು ಅಂದರೆ ಕುಚ್ಚಲಕ್ಕಿ ತನ್ನಿ, ಜೊತೆಗೆ ತೊವ್ವೆ, ಮೊಳಕೆ ಕಾಳು ಸೇರಿಸಿ, ಗಂಜಿ ಬಸಿಯಬೇಡಿ, ಎಲೆ ಅಡಿಕೆ ಬಿಡಿಸಿ. ಕೂಸಿನ ದನಿ ಗೊಗ್ಗರಾಗಿ, ಹಾಲು ಬಿಟ್ಟು, ಉಸಿರು ಎಳೆಯುತ್ತಿದ್ದರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಡಾಕ್ಟರು ಕೇಳದಿದ್ದರೂ, ತಾಯಿ ಎಷ್ಟು ವಾರದಿಂದ ಬರೀ ಅನ್ನ ಸಾರು ತಿನ್ನುತ್ತಿದ್ದಾಳೆ ಅಂತ ನೀವೇ ಹೇಳಿ.